ಹಳೇ ಮನೆಯ ಪೈಪು: ಯಾವುದು ಸೀಸ, ಯಾವುದು ತುಕ್ಕು, ಮೊದಲು ಯಾವುದನ್ನು ಬದಲಾಯಿಸಬೇಕು?

ಪ್ರಶ್ನೆ: ದಾವಣಗೆರೆ ಹಳೇ ಪೇಟೆಯಲ್ಲಿ ನಮ್ಮ ಅಜ್ಜನ ಕಾಲದ ಮನೆ. ಬೆಳಿಗ್ಗೆ ನಲ್ಲಿ ಬಿಟ್ಟರೆ ಕೆಂಪು ನೀರು ಬರುತ್ತೆ, ಅಡುಗೆಮನೆಯಲ್ಲಂತೂ ಸಣ್ಣಗೆ ಸುರಿಯುತ್ತೆ. ಸೀಸದ ಪೈಪು ಇರಬಹುದಾ, ಹೇಗೆ ಗೊತ್ತಾಗುತ್ತೆ? ಎಲ್ಲಾ ಒಂದೇ ಸಲ ಬದಲಾಯಿಸೋಕೆ ದುಡ್ಡಿಲ್ಲ, ಮನೆಯಲ್ಲೇ ಇದ್ದುಕೊಂಡು ಮಾಡಿಸಬೇಕು.

ಉತ್ತರ:

ನಾನು ದಾವಣಗೆರೆಯಲ್ಲೇ ಪ್ಲಂಬಿಂಗ್ ಕೆಲಸ ಮಾಡುತ್ತೇನೆ. ಇದೇ ತೊಂದರೆ ನಮ್ಮ ಸ್ವಂತ ಮನೆಯಲ್ಲೂ ಇತ್ತು, ಮೂರು ಸಲಕ್ಕೆ ಹಂಚಿಕೊಂಡು ಬದಲಾಯಿಸಿದೆ. ಅದನ್ನೇ ಹೇಳುತ್ತೇನೆ.

ಮೊದಲು ಒಂದು ಮ್ಯಾಗ್ನೆಟ್ ಮತ್ತು ಒಂದು ಬೀಗದ ಕೈ ತಗೊಳ್ಳಿ. ಕಣ್ಣಿಗೆ ಕಾಣುವ ಪೈಪಿಗೆಲ್ಲ ಮ್ಯಾಗ್ನೆಟ್ ಹಿಡಿಯಿರಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಕಬ್ಬಿಣ, ಅಂದರೆ ಜಿಐ ಪೈಪು. ಅಂಟದೇ ಹೋದರೆ ಬಣ್ಣ ತೆಗೆದು ಕೀಲಿಕೈಯಿಂದ ಒಂದು ಗೆರೆ ಎಳೆಯಿರಿ. ಸೀಸ ಆದರೆ ಬೆಣ್ಣೆಗೆ ಎಳೆದ ಹಾಗೆ ಸುಲಭವಾಗಿ ಗೆರೆ ಬೀಳುತ್ತೆ, ಒಳಗೆ ಬೆಳ್ಳಿ ಥರ ಹೊಳೆಯುತ್ತೆ. ಎಲ್ಬೋ ಇಲ್ಲದೆ ಪೈಪೇ ಬಳುಕಿಕೊಂಡು ಹೋಗಿರುತ್ತೆ, ಜಾಯಿಂಟು ಥ್ರೆಡ್ ಇಲ್ಲದೆ ಉಂಡೆಯಾಗಿ ಊದಿಕೊಂಡಿರುತ್ತೆ. ಗೆರೆ ಎಳೆದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ, ಅದನ್ನು ಉಜ್ಜಿ ಪುಡಿ ಮಾಡಬೇಡಿ.

ನಾನು ನೋಡಿದ ಮಟ್ಟಿಗೆ ನಮ್ಮ ಕಡೆ ಮನೆ ಒಳಗೆಲ್ಲ ಸೀಸದ ಪೈಪು ಸಿಗೋದು ತೀರಾ ಅಪರೂಪ. ಸಿಕ್ಕರೆ ಬೀದಿ ಪೈಪಿನಿಂದ ಮನೆ ಪೈಪಿಗೆ ಕೊಟ್ಟ ಗಿಡ್ಡ ತುಂಡಿನಲ್ಲಿ ಸಿಗುತ್ತೆ. ಹಾಗಾಗಿ ಮೀಟರ್ ಹತ್ತಿರ, ಗೇಟಿನ ಪಕ್ಕ ಸ್ವಲ್ಪ ಮಣ್ಣು ಬಿಡಿಸಿ ನೋಡಿ. ಇನ್ನೊಂದು ಮಾತು, ಕೆಂಪು ನೀರು ಕಬ್ಬಿಣದ ಗುರುತು, ಸೀಸದ್ದಲ್ಲ. ಸೀಸಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಟಿಡಿಎಸ್ ಮೀಟರಿನಲ್ಲಿ ಅದು ಗೊತ್ತಾಗಲ್ಲ, ಕುದಿಸಿದರೆ ಹೋಗಲ್ಲ. ಅನುಮಾನ ಇದ್ದರೆ ರಾತ್ರಿಯೆಲ್ಲ ಬಳಸದೆ ಬಿಟ್ಟು, ಬೆಳಿಗ್ಗೆ ಬೀಳುವ ಮೊದಲ ಒಂದು ಲೀಟರ್ ನೀರನ್ನೇ ಹಿಡಿದು ಲ್ಯಾಬಿಗೆ ಕೊಡಿ. ಲೀಟರಿಗೆ 0.01 ಮಿಲಿಗ್ರಾಂಗಿಂತ ಜಾಸ್ತಿ ಇದ್ದರೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಅದು ಕುಡಿಯೋಕೆ ಯೋಗ್ಯ ಅಲ್ಲ.

ಈಗ ತುಕ್ಕಿನ ವಿಷಯ. ಬೆಳಿಗ್ಗೆ ಬಿಳಿ ಬಟ್ಟೆ ಕಟ್ಟಿ ನಲ್ಲಿ ಬಿಡಿ. ಒಂದೆರಡು ನಿಮಿಷ ಕೆಂಪಾಗಿ ಬಂದು ಆಮೇಲೆ ತಿಳಿಯಾದರೆ ತುಕ್ಕು ನಿಮ್ಮ ಮನೆ ಪೈಪಿನಲ್ಲೇ ಇದೆ. ಸಂಪಿನ ನೀರೇ ಕೆಂಪಗಿದ್ದರೆ ಬೀದಿ ಕಡೆಯಿಂದ ಬರುತ್ತಿದೆ. ಆಮೇಲೆ ಬಕೆಟ್ ಇಟ್ಟು ಟೈಮ್ ನೋಡಿ. ನಮ್ಮ ಮನೆಯಲ್ಲಿ 15 ಲೀಟರಿನ ಬಕೆಟ್ ಬಚ್ಚಲಲ್ಲಿ ಒಂದೂವರೆ ನಿಮಿಷಕ್ಕೆ ತುಂಬುತ್ತಿತ್ತು, ಅಡುಗೆಮನೆಯಲ್ಲಿ ಆರು ನಿಮಿಷ ಬೇಕಾಗ್ತಿತ್ತು. ಎರಡೂ ಅದೇ ಟ್ಯಾಂಕಿನ ನೀರು, ನಲ್ಲಿಗಳೂ ಒಂದೇ ಎತ್ತರದಲ್ಲಿವೆ. ನಲ್ಲಿ ಬಿಚ್ಚಿ ನೋಡಿದರೂ ಹಾಗೇ ಬಂತು. ಅಂದರೆ ಅಡುಗೆಮನೆಗೆ ಹೋಗುವ ಕವಲಿನಲ್ಲೇ ಕಟ್ಟಿಕೊಂಡಿದೆ ಅಂತ ಗೊತ್ತಾಯಿತು.

ಆ ಪೈಪು ಕತ್ತರಿಸಿದಾಗ ನೋಡಬೇಕಿತ್ತು. ಹೊರಗೆ ಬಣ್ಣ ಹಚ್ಚಿ ಚೆನ್ನಾಗೇ ಕಾಣುತ್ತಿತ್ತು. ಒಳಗೆ ಕಪ್ಪು ಕೆಂಪು ಗಂಟುಗಳು ಒಂದರ ಮೇಲೊಂದು ಬೆಳೆದು ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಸ್ಕ್ರೂಡ್ರೈವರ್ ಹಾಕಿ ತಿವಿದರೆ ಹಪ್ಪಳದ ಹಾಗೆ ಪದರ ಪದರ ಉದುರಿತು. ಥ್ರೆಡ್ ಹತ್ತಿರ ಇನ್ನೂ ಕೆಟ್ಟಿತ್ತು. ಯಾಕಂದ್ರೆ ಥ್ರೆಡ್ ಹಾಕುವಾಗಲೇ ಸತುವಿನ ಲೇಪನ ಹೋಗುತ್ತೆ, ದಪ್ಪವೂ ಕಡಿಮೆಯಾಗುತ್ತೆ, ತೂತು ಬೀಳೋದು ಅಲ್ಲಿಂದಲೇ. ಅದಕ್ಕೇ ಸೋರುವ ಹಳೇ ಜಾಯಿಂಟನ್ನು ರೆಂಚ್ ಹಾಕಿ ಬಿಗಿ ಮಾಡೋಕೆ ಹೋಗಬೇಡಿ. ಒಂದು ಸುತ್ತು ಬಿಗಿ ಮಾಡಿದರೆ ಗೋಡೆ ಒಳಗೆ ಇನ್ನೊಂದು ಕಡೆ ಮುರಿಯುತ್ತೆ.

ಹಂತ ಹಂತವಾಗಿ ಮಾಡೋದಾದರೆ ಎಲ್ಲರೂ ಮಾಡುವ ತಪ್ಪು ಅಂದರೆ ಎಲ್ಲಿ ಸೋರುತ್ತೋ ಅಲ್ಲಿ ಎರಡಡಿ ಹೊಸ ಪೈಪು ಜೋಡಿಸೋದು. ಮೇಲಿನ ಹಳೇ ಪೈಪಿನ ತುಕ್ಕು ಹೊಸ ಪೈಪಿಗೇ ಇಳಿಯುತ್ತೆ, ನಲ್ಲಿ ಮತ್ತೆ ಕಟ್ಟುತ್ತೆ. ಆರು ತಿಂಗಳಿಗೆ ಪಕ್ಕದ ಜಾಯಿಂಟು ಸೋರುತ್ತೆ. ನೀರು ಎಲ್ಲಿಂದ ಹೊರಡುತ್ತೋ ಅಲ್ಲಿಂದ ಶುರು ಮಾಡಿ. ಅಂದರೆ ಟ್ಯಾಂಕಿನಿಂದ.

ನಾನು ಮಾಡಿದ್ದು ಹೀಗೆ. ಹಳೇ ಲೈನ್ ಮುಟ್ಟದೆ, ಅದರ ಪಕ್ಕದಲ್ಲೇ ಗೋಡೆ ಮೇಲೆ ಟ್ಯಾಂಕಿನಿಂದ ಒಂದು ಇಂಚಿನ ಸಿಪಿವಿಸಿ, ಅಂದರೆ ಬಿಸಿನೀರನ್ನೂ ತಡೆಯುವ ಪ್ಲಾಸ್ಟಿಕ್ ಪೈಪಿನ ಲೈನ್ ಹೊಸದಾಗಿ ಇಳಿಸಿದೆ. ಅಡುಗೆಮನೆ, ಬಚ್ಚಲು, ಹಿತ್ತಲು ಮೂರಕ್ಕೂ ಟೀ ಹಾಕಿ ಒಂದೊಂದು ಬಾಲ್ ವಾಲ್ವ್ ಕೂರಿಸಿದೆ. ಮೊದಲ ಸಲಕ್ಕೆ ಅಡುಗೆಮನೆ ಮಾತ್ರ ಜೋಡಿಸಿ ಉಳಿದೆರಡಕ್ಕೆ ಕ್ಯಾಪ್ ಹಾಕಿ ಬಿಟ್ಟೆ. ಎರಡು ದಿನದ ಕೆಲಸ. ಬಚ್ಚಲು ಹಿತ್ತಲಿಗೆ ಹಳೇ ಲೈನಿನಲ್ಲೇ ನೀರು ಬರುತ್ತಿತ್ತು, ಕುಡಿಯುವ ಅಡುಗೆ ನೀರು ಮಾತ್ರ ಪೂರ್ತಿ ಹೊಸ ಪೈಪಿನಲ್ಲಿ. ಅದೇ ಬಕೆಟ್ ಈಗ ಒಂದೂಕಾಲು ನಿಮಿಷಕ್ಕೆ ತುಂಬಿತು. ದುಡ್ಡು ಕೂಡಿದ ಮೇಲೆ ಬಚ್ಚಲಿನ ತಣ್ಣೀರು ಬಿಸಿನೀರು ಎರಡೂ ಮಾಡಿಸಿದೆ. ಮಾಮೂಲಿ ಯುಪಿವಿಸಿಯನ್ನು ಬಿಸಿನೀರಿಗೆ ಹಾಕಬೇಡಿ, ಮೆತ್ತಗಾಗಿ ಜೋತು ಬೀಳುತ್ತೆ. ಗೋಡೆ ಒಳಗಿನ ಹಳೇ ಪೈಪು ತೆಗೆಯೋಕೆ ಹೋಗಲಿಲ್ಲ, ತುದಿಗೆ ಪ್ಲಗ್ ಹಾಕಿ ಅಲ್ಲೇ ಬಿಟ್ಟೆ. ಮಣ್ಣಿನ ಗೋಡೆ ಕೊರೆಸಿದರೆ ಗಾರೆ ಕೆಲಸದ ಖರ್ಚೇ ಪೈಪಿಗಿಂತ ಜಾಸ್ತಿ ಆಗುತ್ತೆ. ಬಿಸಿಲಿಗೆ ಬೀಳುವ ಕಡೆ ಸಿಪಿವಿಸಿಗೆ ನೀರಿನಲ್ಲಿ ಕಲಸುವ ಪೇಂಟ್ ಹೊಡೆಸಿ.

ಇಷ್ಟರಲ್ಲಿ ಒಂದು ವಿಷಯ ದಯವಿಟ್ಟು ಮರೀಬೇಡಿ. ಹಳೇ ಮನೆಗಳಲ್ಲಿ ಕರೆಂಟಿನ ಅರ್ಥಿಂಗನ್ನು ನೀರಿನ ಪೈಪಿಗೇ ಕಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಮೀಟರ್ ಬೋರ್ಡಿನ ಕೆಳಗೆ ಬರೀ ತಂತಿಯೊಂದು ಜಿಐ ಪೈಪಿಗೆ ಮೂರು ಸುತ್ತು ಸುತ್ತಿಕೊಂಡಿತ್ತು, ಸುಣ್ಣ ಬಳಿದು ಬಳಿದು ಕಾಣದ ಹಾಗಾಗಿತ್ತು. ಅಂಥ ಪೈಪನ್ನು ಕತ್ತರಿಸಿ ನಡುವೆ ಪ್ಲಾಸ್ಟಿಕ್ ಹಾಕಿದರೆ ಇಡೀ ಮನೆಗೆ ಅರ್ಥಿಂಗ್ ಇರಲ್ಲ. ಗೀಸರ್ ಕೆಟ್ಟ ದಿನ ಉಳಿದ ಪೈಪು, ನಲ್ಲಿಗಳೇ ಶಾಕ್ ಹೊಡೆಯಬಹುದು. ಕತ್ತರಿಸುವಾಗಲೇ ಪ್ಲಂಬರನಿಗೂ ಹೊಡೆಯಬಹುದು. ಬ್ಲೇಡ್ ಮುಟ್ಟುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ, ಬೇರೆ ಅರ್ಥಿಂಗ್ ಗುಂಡಿ ಮಾಡಿಸಿ, ಟೆಸ್ಟ್ ಮಾಡಿಸಿ.

ಬೀದಿಯಿಂದ ಸಂಪಿನವರೆಗಿನ ಲೈನ್ ಕೊನೆಗೆ ಇರಲಿ, ಅದಕ್ಕೆ ಮಹಾನಗರ ಪಾಲಿಕೆಯ ಅನುಮತಿ ಬೇಕು. ಆದರೆ ಅಲ್ಲಿ ಸೀಸದ ತುಂಡು ಸಿಕ್ಕರೆ ಲೆಕ್ಕ ತಿರುಗಿ ಹೋಗುತ್ತೆ, ಅದೇ ಮೊದಲಾಗಬೇಕು. ಅದನ್ನು ಅರ್ಧ ಕತ್ತರಿಸಿ ಅರ್ಧ ಬಿಡಬೇಡಿ. ಕತ್ತರಿಸುವಾಗ ಅಲುಗಿ ಒಳಗಿನ ಪದರ ಸಡಿಲವಾಗಿ ಕೆಲವು ವಾರ ನೀರಿನಲ್ಲಿ ಸೀಸ ಮೊದಲಿಗಿಂತ ಜಾಸ್ತಿಯೇ ಬರಬಹುದು. ಅದರ ಮುಂದಿನ ಜಿಐ ಪೈಪಿನ ತುಕ್ಕೂ ಇಷ್ಟು ವರ್ಷ ಸೀಸ ಹಿಡಿದಿಟ್ಟುಕೊಂಡಿರುತ್ತೆ, ಹಾಗಾಗಿ ಬೀದಿಯಿಂದ ಸಂಪಿನವರೆಗೂ ಒಟ್ಟಿಗೆ ತೆಗೆಸಿ. ಅಲ್ಲಿವರೆಗೆ ನೀರು ಬಿಟ್ಟ ದಿನ ಮೊದಲ ಕೆಲವು ನಿಮಿಷದ ನೀರು ಸಂಪಿಗೆ ಹೋಗದ ಹಾಗೆ ಹೊರಗೆ ಬಕೆಟ್ಟಿಗೆ ಹಿಡಿದು ಅಂಗಳ ತೊಳೆಯೋಕೆ ಇಟ್ಟುಕೊಳ್ಳಿ. ಕುಡಿಯೋಕೆ, ಮುಖ್ಯವಾಗಿ ಚಿಕ್ಕ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ, ಬೇರೆ ಕಡೆಯ ನೀರು ತನ್ನಿ.

ಪ್ರತಿ ಹಂತ ಮುಗಿದ ಮೇಲೆ ನಲ್ಲಿ ಬಾಯಿಯ ಜಾಲರಿ ಬಿಚ್ಚಿಟ್ಟು ನೀರು ತಿಳಿಯಾಗುವವರೆಗೆ ಜೋರಾಗಿ ಬಿಡಿ. ಆಮೇಲೆ ಜಾಲರಿ ತೊಳೆದು ಹಾಕಿ, ಬಕೆಟ್ ಇಟ್ಟು ಇನ್ನೊಂದು ಸಲ ಟೈಮ್ ನೋಡಿ ಗೋಡೆ ಮೇಲೆ ಬರೆದಿಡಿ.