ದಿನ ಹೇಳದ ‘ಸಿಗೋಣ’ಕ್ಕೆ ಎಷ್ಟು ಕಾಯಬೇಕು?

ಪ್ರಶ್ನೆ: ನನಗೆ 28 ವರ್ಷ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ವೈಟ್‌ಫೀಲ್ಡ್‌ನ ಒಬ್ಬರನ್ನು ಎರಡು ತಿಂಗಳಲ್ಲಿ ಐದು ಸಲ ಭೇಟಿಯಾದೆ. ಲಾಲ್‌ಬಾಗ್‌ನಲ್ಲಿ ಓಡಾಡಿದೆವು, ರಂಗಶಂಕರದಲ್ಲಿ ನಾಟಕ ನೋಡಿದೆವು. ಎಲ್ಲ ಚೆನ್ನಾಗಿತ್ತು. ಮೂರು ವಾರದಿಂದ ರಿಪ್ಲೈ ಎರಡು ಮೂರು ದಿನಕ್ಕೊಂದು. ‘ತುಂಬಾ ಬ್ಯುಸಿ, ಸಿಗೋಣ’ ಅಂತಾರೆ, ಯಾವಾಗ ಅಂತ ಹೇಳಲ್ಲ. ನನ್ನ ಇನ್‌ಸ್ಟಾಗ್ರಾಂ ಸ್ಟೋರಿ ಮಾತ್ರ ತಪ್ಪದೆ ನೋಡ್ತಾರೆ. ನಾನೇನು ಮಾಡಲಿ? ಇನ್ನೊಂದು ವಿಷಯ: ಸಹೋದ್ಯೋಗಿಯ ಸ್ನೇಹಿತರೊಬ್ಬರು, ವಿಜಯನಗರದವರು, ಅವರನ್ನು ಎರಡು ಸಲ ಭೇಟಿಯಾದೆ. ಒಳ್ಳೆಯವರು, ಆದರೆ ನನಗೆ ಮನಸ್ಸಿಲ್ಲ. ನೋಯಿಸೋದು ಬೇಡ ಅಂತ ರಿಪ್ಲೈ ಕಡಿಮೆ ಮಾಡ್ತಾ ಬಂದಿದ್ದೇನೆ. ಇದು ಸರಿಯಾ?
— ಎಸ್., ಬಸವನಗುಡಿ

ಉತ್ತರ: ರಿಪ್ಲೈ ಎಷ್ಟು ಗಂಟೆಗೆ ಬಂತು ಎಂದು ಲೆಕ್ಕ ಹಾಕುವುದನ್ನು ಮೊದಲು ಬಿಡಿ. ಅದರಿಂದ ಏನೂ ಗೊತ್ತಾಗುವುದಿಲ್ಲ. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಹತ್ತಿರ ಬಂದವರು, ಮನೆಯಲ್ಲಿ ಯಾರನ್ನೋ ಆಸ್ಪತ್ರೆಗೆ ಸೇರಿಸಿದವರು, ಸಹಜವಾಗಿಯೇ ಮೆಸೇಜ್‌ಗೆ ಸೋಮಾರಿಗಳಾದವರು, ಎಲ್ಲರೂ ತಡವಾಗಿ ಉತ್ತರಿಸುತ್ತಾರೆ. ಬ್ಲೂ ಟಿಕ್ ಕೂಡ ಸಾಕ್ಷಿಯಲ್ಲ. ಅದನ್ನು ಆಫ್ ಮಾಡಿಟ್ಟುಕೊಳ್ಳಬಹುದು, ನೋಟಿಫಿಕೇಶನ್‌ನಲ್ಲೇ ಓದಿದರೂ ಟಿಕ್ ನೀಲಿಯಾಗುವುದಿಲ್ಲ. ಸ್ಟೋರಿ ನೋಡುವುದಂತೂ ಬೆರಳು ಸರಿಸುವಷ್ಟೇ ಕೆಲಸ. ಒಂದರ ಹಿಂದೆ ಒಂದು ತಾನಾಗಿ ಬರುವ ಸ್ಟೋರಿಗಳಲ್ಲಿ ನಿಮ್ಮದೂ ಒಂದು. ಅದರಲ್ಲಿ ಆಸಕ್ತಿಯನ್ನು ಹುಡುಕಬೇಡಿ.

ನೋಡಬೇಕಾದದ್ದು ಒಂದೇ: ಅವರು ದಿನ ಹೇಳುತ್ತಾರಾ? ನಿಜವಾಗಿ ಬಿಡುವಿಲ್ಲದವರು ‘ಈ ಶನಿವಾರ ಆಗಲ್ಲ, ಮುಂದಿನ ಭಾನುವಾರ ಬೆಳಿಗ್ಗೆ ಆಗುತ್ತಾ?’ ಎನ್ನುತ್ತಾರೆ. ಒಂದು ದಿನವನ್ನು ತಪ್ಪಿಸಿದರೆ ಇನ್ನೊಂದನ್ನು ಮುಂದಿಡುತ್ತಾರೆ. ವೈಟ್‌ಫೀಲ್ಡ್‌ನಿಂದ ಬಸವನಗುಡಿಗೆ ಬರುವುದು ಸುಲಭವಲ್ಲ, ಒಪ್ಪಿದೆ. ಆದರೆ ಮನಸ್ಸಿದ್ದವರು ‘ಕಬ್ಬನ್ ಪಾರ್ಕ್‌ನಲ್ಲಿ ಸಿಗೋಣ, ನನಗೆ ನೇರಳೆ ಮಾರ್ಗ ನೇರ, ನೀವು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿಕೊಳ್ಳಿ’ ಎಂದು ದಾರಿ ಹುಡುಕುತ್ತಾರೆ. ಮೂರು ವಾರದಲ್ಲಿ ಒಂದು ದಿನದ ಹೆಸರೂ ಬಂದಿಲ್ಲವೆಂದರೆ ಇದು ಬಹುಮಟ್ಟಿಗೆ ಸ್ಲೋ ಫೇಡ್. ಬೇಡ ಎಂದು ಹೇಳುವ ಕಷ್ಟದಿಂದ ತಪ್ಪಿಸಿಕೊಳ್ಳಲು, ಸಂಬಂಧ ತಾನಾಗಿಯೇ ತಣ್ಣಗಾಗಲಿ ಎಂದು ಬಿಡುವುದು.

ನೀವು ಇದರಿಂದ ಹೊರಬರಲಾಗದೆ ಒದ್ದಾಡುತ್ತಿರುವುದಕ್ಕೆ ಕಾರಣ ನಿಮ್ಮ ದುರ್ಬಲತೆ ಅಲ್ಲ. ಮನಃಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪಾರಿವಾಳಗಳ ಪ್ರಯೋಗಗಳಲ್ಲಿ ಇದರ ಸುಳಿವಿದೆ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿಗಳು, ಕಾಳು ನಿಂತಾಗ ಬೇಗ ಸುಮ್ಮನಾದವು. ಯಾವಾಗ ಸಿಗುತ್ತದೆಂದು ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ಕಾಳು ಪಡೆದಿದ್ದವು ಮಾತ್ರ ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇದ್ದವು. ಮನುಷ್ಯರಲ್ಲೂ ಅನಿಶ್ಚಿತವಾಗಿ ಸಿಗುವುದರ ಹಿಡಿತವೇ ಹೆಚ್ಚು. ಅವರು ಒಂದೇ ಸಲ ಮಾಯವಾಗಿದ್ದರೆ ನೀವು ಇಷ್ಟರಲ್ಲಿ ಅತ್ತು, ಸಿಟ್ಟಾಗಿ, ಮುಂದೆ ಸಾಗಿರುತ್ತಿದ್ದಿರಿ. ಮೂರು ದಿನಕ್ಕೊಮ್ಮೆ ಬರುವ ‘ಹೇಗಿದ್ದೀರಾ?’ ಮತ್ತೆ ಕಾಯುವಂತೆ ಮಾಡುತ್ತಿದೆ. ಆದ್ದರಿಂದ ಪೂರ್ತಿ ಘೋಸ್ಟಿಂಗ್‌ಗಿಂತ ಸ್ಲೋ ಫೇಡ್ ಹೆಚ್ಚು ಸೌಮ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಿಜಯನಗರದವರ ವಿಷಯಕ್ಕೆ ಬಂದಾಗಲೂ ಇದು ನೆನಪಿರಲಿ.

ಈಗ ಮಾಡಬೇಕಾದದ್ದು. ಮಂಗಳವಾರವೋ ಬುಧವಾರವೋ ಸಂಜೆ ಒಂದು ಮೆಸೇಜ್ ಕಳಿಸಿ: ‘ಈಚೆಗೆ ನಮ್ಮ ಮಾತು ಕಡಿಮೆಯಾಗಿದೆ ಅನ್ನಿಸ್ತಿದೆ. ನಿಮ್ಮನ್ನ ಮತ್ತೆ ನೋಡೋಕೆ ನನಗೆ ಇಷ್ಟ ಇದೆ. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕ್ ಹತ್ರ ಸಿಗೋಣ್ವಾ? ಆ ದಿನ ಆಗಲ್ಲ ಅಂದ್ರೆ ಬೇರೆ ದಿನ ಹೇಳಿ. ಮುಂದುವರಿಸೋ ಮನಸ್ಸಿಲ್ಲ ಅಂದ್ರೂ ಹೇಳಿ, ನಾನು ತಪ್ಪು ತಿಳ್ಕೊಳಲ್ಲ.’ ಕೊನೆಯ ವಾಕ್ಯವನ್ನು ಬಿಡಬೇಡಿ. ‘ಇಲ್ಲ’ ಎನ್ನಲು ಹೆದರಿ ಮೌನವಾಗಿರುವವರಿಗೆ ಅದು ಬಾಗಿಲು ತೆಗೆದುಕೊಡುತ್ತದೆ. ಇಂಥ ಮೆಸೇಜ್ ಬಂದ ಮೇಲೆ ‘ಸಾರಿ, ನನಗೇ ಹೇಳೋಕೆ ಆಗ್ಲಿಲ್ಲ’ ಎಂದು ನಿಜ ಹೇಳುವವರು ಇದ್ದಾರೆ. ಶುಕ್ರವಾರ ರಾತ್ರಿಯವರೆಗೆ ಕಾಯಿರಿ. ನಡುವೆ ಜ್ಞಾಪಿಸಬೇಡಿ, ಮೀಮ್ ಕಳಿಸಬೇಡಿ, ಅವರು ನೋಡಲೆಂದೇ ಸ್ಟೋರಿ ಹಾಕಬೇಡಿ.

ದಿನ ಹೇಳಿದರೆ ಹೋಗಿ ಬನ್ನಿ. ಆ ಭೇಟಿಯಾದ ಮೇಲೆ ಮುಂದಿನ ಮಾತನ್ನು ಯಾರು ಎತ್ತುತ್ತಾರೆ ಎಂದು ನೋಡಿ. ಮತ್ತೆ ನೀವೇ ಎತ್ತಬೇಕಾಗಿ ಬಂದರೆ ಪರಿಸ್ಥಿತಿ ಬದಲಾಗಿಲ್ಲ. ‘ಖಂಡಿತ ಸಿಗೋಣ, ಈ ವಾರ ಸ್ವಲ್ಪ ಕಷ್ಟ’ ಎಂದಷ್ಟೇ ಬಂದರೆ ಅದನ್ನು ‘ಇಲ್ಲ’ ಎಂದೇ ಓದಿಕೊಳ್ಳಿ. ಉತ್ತರವೇ ಬಾರದಿದ್ದರೂ ಅಷ್ಟೇ.

ಆಗ ನಿಮ್ಮ ಕಡೆಯಿಂದ ನೀವೇ ಮುಗಿಸಿ. ಈ ಎರಡನೇ ಮೆಸೇಜ್‌ನಲ್ಲಿ ಒಂದೂ ಪ್ರಶ್ನೆ ಇರಬಾರದು. ನನ್ನ ಬಳಿ ಆಪ್ತಸಮಾಲೋಚನೆಗೆ ಬರುವವರು ತೋರಿಸುವ ಕೊನೆಯ ಮೆಸೇಜ್‌ಗಳು ಹೆಚ್ಚಾಗಿ ಕೆಡುವುದು ಇಲ್ಲೇ. ‘ಒಂದು ಮಾತು ಹೇಳಬಹುದಿತ್ತಲ್ವಾ?’, ‘ನಾನೇನು ತಪ್ಪು ಮಾಡ್ದೆ?’ ಎಂದು ಕೇಳಿದ ಕ್ಷಣದಿಂದ ಮತ್ತೆ ಉತ್ತರಕ್ಕೆ ಕಾಯುವುದು ಶುರುವಾಗುತ್ತದೆ. ಇಷ್ಟು ಸಾಕು: ‘ನಿಮ್ಮ ಜೊತೆ ಕಳೆದ ಸಮಯ ನನಗೆ ಇಷ್ಟ ಆಗಿತ್ತು. ಆದ್ರೆ ಹೀಗೆ ಅರ್ಧಂಬರ್ಧ ಮಾತಲ್ಲಿ ಇರೋದು ನನಗೆ ಸರಿಹೋಗ್ತಿಲ್ಲ. ನಾನು ಇಲ್ಲಿಗೆ ನಿಲ್ಲಿಸ್ತಿದ್ದೀನಿ. ನಿಮಗೆ ಒಳ್ಳೇದಾಗಲಿ.’ ಕಳಿಸಿದ ಮೇಲೆ ಚಾಟನ್ನು ಆರ್ಕೈವ್‌ಗೆ ಹಾಕಿ, ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಸ್ಟೋರಿ ಅವರಿಗೆ ಕಾಣದಂತೆ ಮಾಡಿ. ನೋಡಿದವರ ಪಟ್ಟಿಯಲ್ಲಿ ಅವರ ಹೆಸರು ಹುಡುಕುವ ಅಭ್ಯಾಸವನ್ನು ಕಡಿಯುವುದಕ್ಕೆ ಇದು. ಕಾರಣ ಗೊತ್ತಾಗದೆ ಉಳಿಯುವುದು ನೋವೇ, ಅದನ್ನು ನಾನು ಹಗುರ ಮಾಡಿ ಹೇಳುವುದಿಲ್ಲ. ಆದರೆ ಮಾಯವಾಗುವವರಿಂದ ಕೊನೆಗೂ ಸಿಗುವ ಕಾರಣ ಸಾಮಾನ್ಯವಾಗಿ ಆ ಹೊತ್ತಿಗೆ ಕಟ್ಟಿದ್ದಾಗಿರುತ್ತದೆ. ಅದರ ಮೇಲೆ ನಿಮ್ಮ ಬಗ್ಗೆ ಯಾವ ತೀರ್ಮಾನವನ್ನೂ ಮಾಡಿಕೊಳ್ಳಲಾಗದು.

ಇನ್ನು ವಿಜಯನಗರದವರು. ನೀವು ಈಗ ಮಾಡುತ್ತಿರುವುದು ಸರಿಯಲ್ಲ. ಅವರೂ ಯಾರಿಗೋ ನಿಮ್ಮ ಮೆಸೇಜ್ ತೋರಿಸಿ ‘ಇದರ ಅರ್ಥ ಏನು?’ ಎಂದು ಕೇಳುತ್ತಿರಬಹುದು. ಎರಡೇ ಭೇಟಿಯಾದ್ದರಿಂದ ಮೆಸೇಜ್ ಸಾಕು. ಐದಾರು ಭೇಟಿಯಾಗಿದ್ದರೆ, ದೈಹಿಕ ಸಾಮೀಪ್ಯವಿದ್ದರೆ, ಮದುವೆಯ ಮಾತೋ ಮನೆಯವರ ಭೇಟಿಯೋ ನಡೆದಿದ್ದರೆ ಫೋನ್ ಮಾಡಿ ಹೇಳಬೇಕಾಗುತ್ತಿತ್ತು. ಹೀಗೆ ಬರೆಯಿರಿ: ‘ನಿಮ್ಮ ಜೊತೆ ಮಾತಾಡಿದ್ದು ಚೆನ್ನಾಗಿತ್ತು. ಆದ್ರೆ ಇದನ್ನ ಡೇಟಿಂಗ್ ಆಗಿ ಮುಂದುವರಿಸೋ ಮನಸ್ಸು ನನಗೆ ಬರ್ತಿಲ್ಲ, ಅದಕ್ಕೆ ನಾವು ಮತ್ತೆ ಭೇಟಿಯಾಗೋದು ಬೇಡ ಅಂತ ನಿರ್ಧರಿಸಿದ್ದೀನಿ. ಮೊದಲೇ ಹೇಳದೆ ತಡ ಮಾಡಿದ್ದಕ್ಕೆ ಸಾರಿ.’ ಸಂಜೆ, ಕೆಲಸ ಮುಗಿಯುವ ಹೊತ್ತಿಗೆ ಕಳಿಸಿ. ನಡುರಾತ್ರಿ ಬೇಡ.

ಈ ಮೆಸೇಜ್ ಬರೆಯುವಾಗ ಕೈ ತಾನಾಗಿ ಸೇರಿಸುವ ಕೆಲವು ಮಾತುಗಳಿವೆ, ಅವನ್ನು ತೆಗೆದುಹಾಕಿ. ‘ಸದ್ಯಕ್ಕೆ’ ಎಂದರೆ ಆರು ತಿಂಗಳ ಮೇಲೆ ಮತ್ತೆ ಕೇಳಬಹುದು ಎಂದಾಗುತ್ತದೆ. ‘ಕೆಲಸ ಜಾಸ್ತಿ’ ಎಂದರೆ ‘ಪರವಾಗಿಲ್ಲ, ಕಾಯ್ತೀನಿ’ ಎನ್ನುತ್ತಾರೆ. ‘ಮನೆಯಲ್ಲಿ ಒಪ್ಪಲ್ಲ’ ಎಂಬುದು ನಮ್ಮಲ್ಲಿ ಎಲ್ಲರೂ ಬಳಸುವ ನೆಪ, ಮತ್ತು ಎಲ್ಲಕ್ಕಿಂತ ಕೆಟ್ಟದ್ದು. ‘ನಾನೇ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ’ ಎಂದು ಅವರು ಹೊರಟರೆ ಏನು ಮಾಡುತ್ತೀರಿ? ಸುಳ್ಳು ಕಾರಣ ಕೊಟ್ಟರೆ ಒಳ್ಳೆಯ ಮನುಷ್ಯ ಅದನ್ನು ಬಗೆಹರಿಸಲು ನೋಡುತ್ತಾನೆ. ನಿರ್ಧಾರವನ್ನು ಹೇಳಿದರೆ ಬಗೆಹರಿಸಲು ಏನೂ ಉಳಿಯುವುದಿಲ್ಲ. ‘ಫ್ರೆಂಡ್ಸ್ ಆಗಿರೋಣ’ ಎನ್ನುವುದನ್ನೂ, ನಿಜವಾಗಿ ಅವರೊಂದಿಗೆ ಕಾಫಿಗೆ ಹೋಗುವ ಮನಸ್ಸಿದ್ದರೆ ಮಾತ್ರ ಬರೆಯಿರಿ.

‘ಯಾಕೆ?’ ಎಂದು ಅವರು ಕೇಳಬಹುದು. ಒಂದು ಸಲ ಉತ್ತರಿಸಿ: ‘ನಿಮ್ಮಿಂದ ಏನೂ ತಪ್ಪಾಗಿಲ್ಲ. ನನಗೆ ಆ ಭಾವನೆ ಬರಲಿಲ್ಲ, ಅಷ್ಟೇ.’ ಅವರ ಮಾತು, ಬಟ್ಟೆ, ಸಂಬಳ ಯಾವುದರ ವಿಮರ್ಶೆಯೂ ಬೇಡ. ಅವರು ಬೇಸರದಿಂದ ಒಂದು ಗಡುಸು ಮಾತು ಆಡಿದರೆ ಸಹಿಸಿಕೊಳ್ಳಿ, ಆ ಬೇಸರಕ್ಕೆ ಅವರಿಗೆ ಹಕ್ಕಿದೆ. ಅಲ್ಲಿಂದ ಮುಂದೆ ಉತ್ತರಿಸುವ ಋಣ ನಿಮಗಿಲ್ಲ. ಸ್ಪಷ್ಟವಾಗಿ ಹೇಳಿದ ಮೇಲೆ ಸುಮ್ಮನಾಗುವುದು ಘೋಸ್ಟಿಂಗ್ ಅಲ್ಲ.

ಇವರ ವಿಷಯದಲ್ಲಿ ಬೇಕಾಗಲಿಕ್ಕಿಲ್ಲ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳಬೇಕು. ಬೆದರಿಸುವವರಿಗೆ, ಫೋಟೊಗಾಗಿ ಪೀಡಿಸುವವರಿಗೆ, ಪಿ.ಜಿ. ಮುಂದೆಯೋ ಆಫೀಸ್ ಗೇಟಿನ ಬಳಿಯೋ ಬಂದು ನಿಲ್ಲುವವರಿಗೆ ವಿವರಣೆ ಕೊಡಬೇಕಿಲ್ಲ. ಅವರಿಂದ ಒಮ್ಮೆಲೇ ಮಾಯವಾಗಿ. ಹೆಣ್ಣುಮಕ್ಕಳು ಇಲ್ಲಿ ಒಂದು ಸಂಗತಿ ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಆಸಕ್ತಿಯಿಲ್ಲವೆಂದು ಮಹಿಳೆ ಸ್ಪಷ್ಟವಾಗಿ ಸೂಚಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು ಅಪರಾಧ. ಮೊದಲ ಬಾರಿಗೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ‘ಬೇಡ’ ಎಂದು ನೇರವಾಗಿ ಬರೆದ ಒಂದು ಮೆಸೇಜ್ ಆಗ ಸಾಕ್ಷಿಯಾಗುತ್ತದೆ, ‘ಬ್ಯುಸಿ, ಆಮೇಲೆ ನೋಡೋಣ’ ಎಂಬುದು ಆಗುವುದಿಲ್ಲ. ಕಳಿಸಿದವರು ಮೆಸೇಜ್ ಅಳಿಸಿಬಿಡಬಹುದು, ಆದ್ದರಿಂದ ಬ್ಲಾಕ್ ಮಾಡುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ತಕ್ಷಣ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ.

ಎರಡರಲ್ಲಿ ವಿಜಯನಗರದವರಿಗೆ ಬರೆಯುವುದನ್ನು ಮೊದಲು ಮುಗಿಸಿ, ಇವತ್ತೇ. ವೈಟ್‌ಫೀಲ್ಡ್‌ನವರಿಂದ ಬೇಸರವಾದ ದಿನ ಬರೆಯಲು ಕೂತರೆ ಆ ಸಿಟ್ಟು ಇವರ ಮೆಸೇಜ್‌ನಲ್ಲಿ ಇಳಿಯುತ್ತದೆ, ಅಥವಾ ಒಂಟಿತನಕ್ಕೆ ಇವರನ್ನೇ ಮತ್ತೆ ಮಾತಿಗೆಳೆಯುವ ಮನಸ್ಸಾಗುತ್ತದೆ. ಪರಿಚಯ ಮಾಡಿಸಿದ ಸಹೋದ್ಯೋಗಿಗೆ ಮುಂಚೆ ಹೇಳಬೇಡಿ, ಸುದ್ದಿ ಬೇರೆಯವರ ಬಾಯಿಂದ ಅವರಿಗೆ ತಲುಪಬಾರದು. ಮೆಸೇಜ್ ಕಳಿಸಿದ ಮರುದಿನ ‘ಅವರಿಗೆ ಹೇಳಿದ್ದೀನಿ, ನಮ್ಮಿಬ್ಬರಿಗೆ ಹೊಂದಲಿಲ್ಲ’ ಎಂದಷ್ಟೇ ತಿಳಿಸಿ. ‘ಇನ್ನೊಂದು ಸಲ ಭೇಟಿಯಾಗಿ ನೋಡು’ ಎಂದು ಸಹೋದ್ಯೋಗಿ ಒತ್ತಾಯಿಸಿದರೂ ಅದೇ ವಾಕ್ಯವನ್ನೇ ಹೇಳಿ.