ಸಬ್‌ಟೈಟಲ್ ತೆಗೆದರೆ ಕಿವಿಗೆ ಏನೂ ಸಿಗದಿದ್ದರೆ

“ಆರು ತಿಂಗಳಿಂದ ಇಂಗ್ಲಿಷ್ ಸಿನಿಮಾ ನೋಡ್ತಿದೀನಿ. ಸಬ್‌ಟೈಟಲ್ ತೆಗೆದರೆ ಏನೂ ಅರ್ಥ ಆಗಲ್ಲ. ಏನು ಮಾಡಲಿ?”

ನೀವು ಬಹುಶಃ ಕೇಳುತ್ತಿಲ್ಲ, ಓದುತ್ತಿದ್ದೀರಿ. ಕಣ್ಣೇ ಕೆಲಸ ಮುಗಿಸಿಬಿಡುತ್ತದೆ, ಕಿವಿ ಸುಮ್ನೆ ಕೂತಿರುತ್ತದೆ.

ಬಿಬಿಸಿಯ ‘6 ಮಿನಿಟ್ ಇಂಗ್ಲಿಷ್’ ಪಾಡ್‌ಕಾಸ್ಟ್‌ನ ಒಂದು ಸಂಚಿಕೆ ತೆಗೆದುಕೊಳ್ಳಿ. ಮಾತಿನ ಪೂರ್ತಿ ಬರಹವೂ ಸಿಗುತ್ತದೆ. ಮೊದಲು ಅದನ್ನು ನೋಡದೆ ಎರಡು ಸಲ ಕೇಳಿ. ಆಮೇಲೆ ಒಂದೇ ನಿಮಿಷದ ತುಂಡು ಆರಿಸಿ, ವಾಕ್ಯಕ್ಕೊಮ್ಮೆ ನಿಲ್ಲಿಸಿ, ಕೇಳಿಸಿದ್ದನ್ನು ಬರೆಯಿರಿ. ಈಗ ಬರಹದ ಜೊತೆ ಹೋಲಿಸಿ.

ಪದವೇ ಗೊತ್ತಿಲ್ಲದೆ ತಪ್ಪಿದ್ದರೆ ನಿಘಂಟು ನೋಡಿದರೆ ಮುಗೀತು. ಗೊತ್ತಿರುವ ಪದವೇ ಕೇಳಿಸದಿದ್ದರೆ ಅದೇ ನಿಜವಾದ ಅಡ್ಡಿ. ‘ಶುಡ್ ಹ್ಯಾವ್ ಟೋಲ್ಡ್ ಹಿಮ್’ ಅನ್ನುವುದು ನನಗೆ ‘ಶುಡವ್ ಟೋಲ್ಡಿಮ್’ ಅಂತ ಕೇಳಿಸಿ, ಯಾವುದೋ ಹೊಸ ಪದ ಅಂದುಕೊಂಡಿದ್ದೆ. ವೇಗದ ಮಾತಿನಲ್ಲಿ ಇಂಥ ಕಡೆ ‘ಹ’ ಬಿದ್ದುಹೋಗುತ್ತದೆ. ನಾವು ‘ಮಾಡಿ ಇಟ್ಟಿದ್ದೇನೆ’ ಅನ್ನದೆ ‘ಮಾಡಿಟ್ಟಿದೀನಿ’ ಅನ್ನುವ ಹಾಗೆ, ಅಲ್ವಾ? ಅಂಥ ವಾಕ್ಯವನ್ನು ಬರಹ ನೋಡುತ್ತಾ ಮೂರು ಸಲ, ನೋಡದೆ ಮೂರು ಸಲ ಕೇಳಿ. ಜೊತೆಗೆ ಬಾಯಲ್ಲೂ ಹೇಳಿ.

ಹತ್ತು ಪದಕ್ಕೆ ಮೂರ್ನಾಲ್ಕು ತಪ್ಪುತ್ತಿದ್ದರೆ ಸಂಚಿಕೆ ನಿಮಗೆ ಜಾಸ್ತಿ ಆಯಿತು, ಒಂದು ಹಂತ ಕೆಳಗಿನದಕ್ಕೆ ಇಳಿಯಿರಿ. ಎಷ್ಟು ವಾರ ಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ತುಮಕೂರು-ಬೆಂಗಳೂರು ರೈಲಿನ ಗಲಾಟೆಯಲ್ಲಿ ಹೊಸ ಸಂಚಿಕೆ ಬೇಡ. ಅಲ್ಲಿ ಮನೆಯಲ್ಲಿ ಬಿಡಿಸಿದ ಹಳೆಯದನ್ನೇ ಮತ್ತೆ ಹಾಕಿಕೊಳ್ಳಿ.