ಬಸಿರಿನ ವಾಕರಿಕೆಗೆ ಶುಂಠಿ ಟೀ: ಎಷ್ಟು ಸಾಕು, ಯಾವಾಗ ಬೇಡ?

ಪ್ರಶ್ನೆ: ಎರಡು ತಿಂಗಳ ಬಸುರಿ, ಬೆಳಗ್ಗೆ ತುಂಬಾ ವಾಕರಿಕೆ. ಶುಂಠಿ ಟೀ ಎಷ್ಟು ಕುಡಿಯಬಹುದು?

ಕುಡಿಯಬಹುದು, ಆದರೆ ಮಿತಿ ಇರಲಿ. ಹೆಚ್ಚಿನ ಅಧ್ಯಯನಗಳಲ್ಲಿ ಕೊಟ್ಟಿದ್ದು ದಿನಕ್ಕೆ ಸುಮಾರು 1 ಗ್ರಾಂ ಒಣ ಶುಂಠಿ ಪುಡಿ, ಅದನ್ನೂ 250 ಮಿಲಿಗ್ರಾಂನಂತೆ ನಾಲ್ಕು ಸಲ, ಅದೂ ಕೆಲವು ದಿನಗಳಿಂದ ಮೂರು ವಾರದವರೆಗೆ ಮಾತ್ರ. ವಾಕರಿಕೆ ಕಡಿಮೆಯಾಯಿತು, ವಾಂತಿ ಅಷ್ಟಾಗಿ ಅಲ್ಲ. 1 ಗ್ರಾಂ ಅಂದರೆ ಸುಮಾರು ಅರ್ಧ ಟೀ ಚಮಚ ಪುಡಿ. ಅದನ್ನೇ ಬಿಸಿನೀರಿಗೆ ಹಾಕಿ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ. ಖಾರವಾಗಿ ಎದೆಯುರಿ ಬಂದರೆ ನಿಲ್ಲಿಸಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ, ರಕ್ತಸ್ರಾವ ಇದ್ದರೆ, ಹೆರಿಗೆ ಹತ್ತಿರವಾಗಿದ್ದರೆ ಡಾಕ್ಟರನ್ನು ಕೇಳದೆ ಬೇಡ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದೆ, ಮೂತ್ರ ಕಡುಬಣ್ಣಕ್ಕೆ ತಿರುಗಿ, ತೂಕ ಇಳೀತಿದ್ದರೆ ಸುಮ್ನೆ ಟೀ ಕುಡಿಯುತ್ತಾ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಡ್ರಿಪ್ ಬೇಕಾಗಬಹುದು.